ಬೆಂಗಳೂರಿನ ವಿಚಾರ ಸಂಕಿರಣಕ್ಕೆ ಅತಿಥಿಯಾಗಿ ಹೋಗಿಬಂದ ಮೇಲೆ ಸಂಚಾಲಕರಿಗೆ ಕೃತಜ್ಞತೆಯ ಪತ್ರ ಬರೆಯುವುದು ಹೇಗೆ

ವಿಚಾರ ಸಂಕಿರಣ ಮುಗಿದ ಮರುದಿನ ಸಂಚಾಲಕರ ಮೇಜಿನ ಮೇಲೆ ಏನೇನಿರುತ್ತದೆ ಎಂಬುದು ಬಂದುಹೋದ ಅತಿಥಿಗಳಿಗೆ ಕಾಣುವುದಿಲ್ಲ. ಅಡುಗೆಯವರ ಬಿಲ್ಲು, ಫ್ಲೆಕ್ಸಿನವರ ಬಿಲ್ಲು, ಸಹಿ ಬಿಟ್ಟುಹೋದ ಸಂಭಾವನೆ ರಸೀದಿ, ಅನುದಾನ ಕೊಟ್ಟವರಿಗೆ ಒಪ್ಪಿಸಬೇಕಾದ ಖರ್ಚಿನ ಲೆಕ್ಕ. ಇವುಗಳ ನಡುವೆ ಅತಿಥಿಗಳಿಂದ ನಾಲ್ಕಾರು ಇಮೇಲ್ ಬಂದಿರುತ್ತವೆ. ‘ತಮ್ಮ ಆತ್ಮೀಯ ಆತಿಥ್ಯಕ್ಕೆ ಹೃತ್ಪೂರ್ವಕ ಧನ್ಯವಾದಗಳು. ಕಾರ್ಯಕ್ರಮ ಅಚ್ಚುಕಟ್ಟಾಗಿ ಮೂಡಿಬಂತು.’ ಕೆಳಗಿನ ಹೆಸರುಗಳನ್ನು ಅದಲುಬದಲು ಮಾಡಿಟ್ಟರೂ ಯಾರಿಗೂ ಗೊತ್ತಾಗುವುದಿಲ್ಲ. ಸಂಚಾಲಕರು ಓದುತ್ತಾರೆ, ಸಂತೋಷಪಡುತ್ತಾರೆ, ಮುಂದಿನ ಬಿಲ್ಲು ಕೈಗೆತ್ತಿಕೊಳ್ಳುತ್ತಾರೆ.

ನಾನು ಬೆಂಗಳೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ, ಸಂಕಿರಣಗಳನ್ನು ನಡೆಸುತ್ತೇನೆ, ಹಾಗಾಗಿ ಇಂಥ ಪತ್ರಗಳನ್ನು ಪಡೆಯುವುದೂ ಇದೆ. ಬೇರೆ ಊರಿಗೆ ಅತಿಥಿಯಾಗಿ ಹೋಗಿ ಬರೆಯುವುದೂ ಇದೆ. ನಾವು ಅಳಿಸದೆ ಇಟ್ಟುಕೊಳ್ಳುವ, ಸ್ಟಾಫ್ ರೂಮಿನಲ್ಲಿ ಓದಿ ಹೇಳುವ ಪತ್ರಗಳಲ್ಲಿ ಸಾಮಾನ್ಯವಾಗಿ ಒಂದೇ ಒಂದು ಸಂಗತಿ ಇರುತ್ತದೆ. ಆ ಸಂಗತಿಯನ್ನು ಆ ಅತಿಥಿಯಲ್ಲದೆ ಬೇರೆಯವರು ಬರೆಯಲು ಸಾಧ್ಯವಿರುವುದಿಲ್ಲ. ಅದನ್ನು ಮಾಡಿದವರ ಹೆಸರೂ ಜೊತೆಗಿರುತ್ತದೆ. ಅಂಥ ಪತ್ರ ಬರೆಯುವ ಬಗೆಯನ್ನು ಇಲ್ಲಿ ಹೇಳುತ್ತೇನೆ. ಕೆಲಸದ ಹೆಚ್ಚು ಪಾಲು ಆ ಸಂಗತಿಯನ್ನು ಆರಿಸುವುದರಲ್ಲೇ ಇದೆ. ಬರೆಯುವುದಕ್ಕೆ ಅರ್ಧ ಗಂಟೆ ಸಾಕು.

ರೈಲು ತುಮಕೂರು ದಾಟುವ ಮೊದಲು

ಊರಿಗೆ ಮರಳುವ ದಾರಿಯಲ್ಲೇ ಟಿಪ್ಪಣಿ ಮಾಡಿಕೊಳ್ಳಬೇಕು. ಮನೆ ಸೇರಿದ ಮೇಲೆ ನಿಮ್ಮದೇ ಕೆಲಸಗಳು ಮುತ್ತಿಕೊಳ್ಳುತ್ತವೆ. ಎರಡು ದಿನ ಕಳೆದರೆ ನೆನಪಿನಲ್ಲಿ ಉಳಿಯುವುದು ‘ಚೆನ್ನಾಗಿ ನೋಡಿಕೊಂಡರು’ ಎನ್ನುವ ಸಾರಾಂಶವಷ್ಟೇ. ಹುಬ್ಬಳ್ಳಿ ಕಡೆಯ ರೈಲಾದರೆ ತುಮಕೂರು ಬರುವುದರೊಳಗೆ, ವಿಮಾನವಾದರೆ ದೇವನಹಳ್ಳಿಗೆ ಹೋಗುವ ಕಾರಿನಲ್ಲೇ, ಫೋನಿನಲ್ಲಿ ಐದಾರು ಸಾಲು ಬರೆದುಕೊಳ್ಳಿ. ಯಾರು, ಎಲ್ಲಿ, ಏನು ಮಾಡಿದರು ಎಂದಷ್ಟೇ ಇರಲಿ. ‘ಒಳ್ಳೆಯ’, ‘ಆತ್ಮೀಯ’ ಎಂಬ ಮಾತುಗಳು ಈ ಪಟ್ಟಿಗೆ ಬೇಡ.

ಹೆಸರುಗಳನ್ನು ಮಾತ್ರ ಅಲ್ಲಿಂದ ಹೊರಡುವ ಮೊದಲೇ ಸಂಪಾದಿಸಿಕೊಳ್ಳಬೇಕು. ಸಂಚಾಲಕರ ಹೆಸರು, ಹುದ್ದೆ ಆಹ್ವಾನ ಪತ್ರಿಕೆಯಲ್ಲೇ ಸಿಗುತ್ತದೆ. ಸಿಗದಿರುವುದು ಸ್ವಯಂಸೇವಕ ವಿದ್ಯಾರ್ಥಿಗಳ, ಚಾಲಕರ, ಗೆಸ್ಟ್ ಹೌಸ್ ನೋಡಿಕೊಳ್ಳುವವರ ಹೆಸರು. ಎರಡು ದಿನ ಜೊತೆಗಿದ್ದು ಕೊನೆಗೆ ‘ನಿನ್ನ ಹೆಸರೇನಪ್ಪ’ ಎಂದು ಕೇಳಲು ಸಂಕೋಚವಾಗುವುದು ಸಹಜ. ‘ನಿಮ್ಮ ನಂಬರ್ ಕೊಡಿ, ಹೆಸರು ಹೇಗೆ ಸೇವ್ ಮಾಡಿಕೊಳ್ಳಲಿ?’ ಎಂದರೆ ಹೆಸರೂ ಬರುತ್ತದೆ, ಕಾಗುಣಿತವೂ ಸರಿಯಾಗಿ ಬರುತ್ತದೆ. ಕಾಗುಣಿತ ಮುಖ್ಯ. ತನ್ನ ಹೆಸರು ತಪ್ಪಾಗಿರುವ ಪತ್ರವನ್ನು ಯಾವ ಹುಡುಗಿಯೂ ಮನೆಯಲ್ಲಿ ತೋರಿಸಲು ಇಷ್ಟಪಡುವುದಿಲ್ಲ.

ಪಟ್ಟಿಯಿಂದ ಒಂದನ್ನು ಆರಿಸುವುದು

ಇಲ್ಲಿಂದ ಮುಂದೆ ಒಂದು ಉದಾಹರಣೆಯನ್ನೇ ಹಿಡಿದು ಹೋಗೋಣ. ಧಾರವಾಡದ ಅಧ್ಯಾಪಕಿಯೊಬ್ಬರು ಗಂಗರ ಕಾಲದ ವೀರಗಲ್ಲುಗಳ ಬಗ್ಗೆ ಮಾತನಾಡಲು ಬಸವನಗುಡಿ ಕಡೆಯ ಕಾಲೇಜೊಂದಕ್ಕೆ ಬಂದಿದ್ದರು. ಶುಕ್ರವಾರ, ಶನಿವಾರ ಸಂಕಿರಣ. ಭಾನುವಾರ ಮಧ್ಯಾಹ್ನ ವಾಪಸು ರೈಲು. ಅವರ ಟಿಪ್ಪಣಿಯಲ್ಲಿ ಇದ್ದದ್ದು ಹೀಗೆ:

ಯಶವಂತಪುರದಲ್ಲಿ ನಸುಕಿಗೇ ಇಳಿದಾಗ ವಿದ್ಯಾರ್ಥಿ ಬೋಗಿಯ ಬಾಗಿಲಿಗೇ ಬಂದಿದ್ದ. ಗಾಂಧಿ ಬಜಾರಿಗೆ ಕರೆದುಕೊಂಡು ಹೋಗಿ ದೋಸೆ ಕೊಡಿಸಿದರು. ಮೊದಲ ದಿನದ ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ ಇತ್ತು. ಶಾಲು, ಪೇಟ, ಸ್ಮರಣಿಕೆ. ಭಾನುವಾರ ಬೆಳಿಗ್ಗೆ ಸಂಚಾಲಕರು ತಮ್ಮ ಕಾರಿನಲ್ಲೇ ಬೇಗೂರಿಗೆ ಕರೆದುಕೊಂಡು ಹೋಗಿ, ‘ಬೆಂಗುಳೂರು’ ಎಂಬ ಹೆಸರು ಬರುವ, ಸುಮಾರು ಕ್ರಿ.ಶ. 890ರ ಶಾಸನ ತೋರಿಸಿದರು. ಜೊತೆಗೆ ಬಂದ ಎಂ.ಎ. ವಿದ್ಯಾರ್ಥಿ ಮನೆಯಿಂದ ಟಾರ್ಚ್ ತಂದಿದ್ದ.

ಹೆಚ್ಚಿನವರು ಬೇಗೂರಿನ ಪ್ರಯಾಣವನ್ನೇ ಆರಿಸುತ್ತಾರೆ, ಅದೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದಲ್ಲ. ಸಂಚಾಲಕರಿಗೂ ಅದು ಗೊತ್ತು. ರಜೆಯ ದಿನ ಬೇಗ ಎದ್ದು ಕಾರು ತೆಗೆದವರು ಅವರೇ. ಆದರೆ ಹಾಗೆ ಆರಿಸುವ ಮುನ್ನ ಪಟ್ಟಿಯ ಪ್ರತಿ ಸಾಲಿಗೂ ಮೂರು ಪ್ರಶ್ನೆ ಕೇಳಬೇಕು.

ಮೊದಲನೆಯದು: ಈ ಸಾಲನ್ನು ಬೇರೆ ಅತಿಥಿಯೂ ಬರೆಯಬಹುದಿತ್ತೇ? ದೋಸೆ ಇಲ್ಲಿಗೇ ಬಿದ್ದುಹೋಗುತ್ತದೆ. ಬಸವನಗುಡಿಗೆ ಬಂದವರಿಗೆಲ್ಲ ದೋಸೆ ಸಿಕ್ಕೇ ಸಿಗುತ್ತದೆ. ಶಾಲು, ಪೇಟ ವೇದಿಕೆ ಹತ್ತಿದವರಿಗೆಲ್ಲ ಸಂದದ್ದು. ಸ್ಟೇಷನ್ನಿಗೆ ಬಂದದ್ದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಆ ಹುಡುಗರು ಅಂದು ಎಲ್ಲ ಅತಿಥಿಗಳಿಗೂ ಹಾಗೆ ನಿಂತಿದ್ದರು.

ಎರಡನೆಯದು: ಇದನ್ನು ಮಾಡದಿದ್ದರೂ ನಡೆಯುತ್ತಿತ್ತು, ಆದರೂ ಒಬ್ಬರು ಯೋಚಿಸಿ ಮಾಡಿದರು ಎನ್ನಬಹುದೇ? ರೊಟ್ಟಿಯ ವಿಷಯಕ್ಕೆ ಈ ಪ್ರಶ್ನೆ ಬೇಕು. ಉತ್ತರ ಕರ್ನಾಟಕದ ಅತಿಥಿ ಬರುತ್ತಾರೆಂದು ಯಾರೋ ಹೇಳಿ ಮಾಡಿಸಿದ್ದರೆ ಅದು ಪತ್ರಕ್ಕೆ ತಕ್ಕ ಸಂಗತಿ. ಅಡುಗೆಯವರ ಮಾಮೂಲು ಪಟ್ಟಿಯಲ್ಲೇ ಇದ್ದಿದ್ದರೆ, ‘ನನಗಾಗಿ ರೊಟ್ಟಿ ಮಾಡಿಸಿದಿರಿ’ ಎಂಬ ಸಾಲು ಓದುವವರಿಗೆ ಇರುಸುಮುರುಸು ತರುತ್ತದೆ. ಊಟಕ್ಕೆ ಕೂತಾಗಲೇ ಬಡಿಸುವವರನ್ನು ಕೇಳಿದ್ದರೆ ಗೊತ್ತಾಗುತ್ತಿತ್ತು. ಗೊತ್ತಿಲ್ಲವಾದರೆ ಬಿಡಿ.

ಮೂರನೆಯ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯ: ಅದರಿಂದ ನಿಮಗೆ ಏನು ಸಾಧ್ಯವಾಯಿತು? ಸಂತೋಷವಾಯಿತು ಎಂಬ ಉತ್ತರ ಸಾಲದು. ಅದಿಲ್ಲದಿದ್ದರೆ ಮಾಡಲಾಗದಿದ್ದ ಯಾವುದೋ ಒಂದು ಕೆಲಸ ಆಗಿರಬೇಕು. ಟಾರ್ಚಿನ ಸಾಲು ಮೇಲೆ ಬರುವುದು ಇಲ್ಲಿಯೇ. ಸವೆದ ಶಾಸನದ ಮೇಲೆ ಬೆಳಕು ನೇರವಾಗಿ ಬಿದ್ದರೆ ಅಕ್ಷರಗಳು ಕಲ್ಲಿನಲ್ಲಿ ಕರಗಿಹೋದ ಹಾಗೆ ಕಾಣುತ್ತವೆ. ಬೆಳಕು ಪಕ್ಕದಿಂದ ಓರೆಯಾಗಿ ಬಿದ್ದಾಗ ಕೊರೆದ ಗೆರೆಯ ಒಂದು ಅಂಚಿಗೆ ನೆರಳು ಕಟ್ಟಿಕೊಂಡು ಅಕ್ಷರ ಎದ್ದು ಕಾಣುತ್ತದೆ. ಶಾಸನ ಓದುವವರಿಗೆ ಇದು ದಿನನಿತ್ಯದ ಮಾತು. ಶನಿವಾರದ ಉಪನ್ಯಾಸದಲ್ಲಿ ಆಕೆ ಇದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದರು. ಹುಡುಗ ಅದನ್ನು ಕೇಳಿಸಿಕೊಂಡಿದ್ದ. ಮರುದಿನ ಯಾರೂ ಹೇಳದೆಯೇ ಟಾರ್ಚ್ ತಂದ. ಅತಿಥಿಗೆ ದಕ್ಕಿದ್ದು ಎರಡು: ಕಲ್ಲು ಓದಲು ಬೆಳಕು, ತನ್ನ ಮಾತನ್ನು ಒಬ್ಬರು ಗಮನವಿಟ್ಟು ಕೇಳಿದ್ದಾರೆ ಎಂಬ ಖಾತ್ರಿ. ಉಪನ್ಯಾಸ ಕೊಡಲು ಊರು ಬಿಟ್ಟು ಬಂದವರಿಗೆ ಎರಡನೆಯದಕ್ಕಿಂತ ದೊಡ್ಡ ಆತಿಥ್ಯ ಇಲ್ಲ.

ಹಾಗೆಂದು ಬೇಗೂರಿನ ಪ್ರಯಾಣವನ್ನು ಬಿಟ್ಟುಬಿಡಬೇಕಿಲ್ಲ. ಟಾರ್ಚಿನ ಸಂಗತಿ ನಡೆದದ್ದೇ ಅಲ್ಲಿ. ಸಣ್ಣದನ್ನು ಹೇಳಿದರೆ ದೊಡ್ಡದು ತಾನಾಗಿ ಪತ್ರದೊಳಗೆ ಬರುತ್ತದೆ. ದೊಡ್ಡದನ್ನಷ್ಟೇ ಹೇಳಿದರೆ ಸಣ್ಣದು ಹೊರಗೇ ಉಳಿಯುತ್ತದೆ.

ಎರಡು ಒಳ್ಳೆಯ ಸಂಗತಿಗಳಿದ್ದರೆ ಎರಡನ್ನೂ ಹಾಕಬಾರದೇ ಎಂದು ಕೇಳುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಬೇಡ. ಎರಡು, ಮೂರು ಸೇರಿದ ಕೂಡಲೇ ಪತ್ರ ಪಟ್ಟಿಯಾಗುತ್ತದೆ, ಪಟ್ಟಿಯಲ್ಲಿ ಹೆಸರು ಇಲ್ಲದವರಿಗೆ ಬೇಸರವಾಗುತ್ತದೆ. ಉಳಿದದ್ದನ್ನು ಫೋನಿನಲ್ಲಿ ಹೇಳಿ.

ಹೇಳಬಾರದ ಸಂಗತಿಗಳು

ಈ ಪತ್ರ ಸಂಚಾಲಕರೊಬ್ಬರ ಕಣ್ಣಿಗಷ್ಟೇ ಬೀಳುವುದಿಲ್ಲ. ಪ್ರಾಂಶುಪಾಲರಿಗೆ ಹೋಗುತ್ತದೆ, ಕಾರ್ಯಕ್ರಮದ ವರದಿಯ ಜೊತೆ, ಅತಿಥಿಗಳ ಅಭಿಪ್ರಾಯ ಎಂದು ಕಡತಕ್ಕೆ ಸೇರುವುದೂ ಉಂಟು. ಮುಂದೆ ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನ ನಡೆದಾಗ ಆ ಕಡತ ತೆರೆಯಬಹುದು. ಹಾಗಾಗಿ ನಿಮಗಾಗಿ ಯಾರಾದರೂ ನಿಯಮ ಸ್ವಲ್ಪ ಸಡಿಲಿಸಿದ್ದರೆ ಅದನ್ನು ಬರೆದು ಹೊಗಳಬೇಡಿ. ಕಾಲೇಜಿನ ವಾಹನದಲ್ಲಿ ನೆಂಟರ ಮನೆಗೆ ಬಿಟ್ಟುಬಂದದ್ದು, ಗೆಸ್ಟ್ ಹೌಸಿನಲ್ಲಿ ಒಂದು ದಿನ ಹೆಚ್ಚು ಇರಲು ಬಿಟ್ಟದ್ದು, ಮಂಜೂರಾದದ್ದಕ್ಕಿಂತ ಹೆಚ್ಚಾದ ಖರ್ಚನ್ನು ಸಂಚಾಲಕರು ಕೈಯಿಂದ ಹಾಕಿದ್ದು: ಎಲ್ಲವೂ ಪ್ರೀತಿಯಿಂದ ಮಾಡಿದ್ದೇ, ಆದರೆ ಕಡತದಲ್ಲಿ ಕೂತರೆ ಅವರೇ ಉತ್ತರ ಹೇಳಬೇಕಾಗುತ್ತದೆ. ಬೇಗೂರಿಗೆ ಹೋದ ಕಾರು ಸಂಚಾಲಕರದ್ದೇ ಎಂದು ಅಧ್ಯಾಪಕಿಗೆ ಗೊತ್ತಿತ್ತು. ಅದಕ್ಕೇ ಧೈರ್ಯವಾಗಿ ಬರೆದರು.

ಒಬ್ಬರನ್ನು ಹೊಗಳಲು ಇನ್ನೊಬ್ಬರ ಲೋಪವನ್ನು ಮೆಟ್ಟಿಲು ಮಾಡಿಕೊಳ್ಳುವುದೂ ಸರಿಯಲ್ಲ. ‘ಮೈಕ್ ಕೈಕೊಟ್ಟರೂ ತಾವು ಸಮಾಧಾನದಿಂದ ನಿಭಾಯಿಸಿದಿರಿ’ ಎಂದು ನೀವು ಮೆಚ್ಚುಗೆಯಿಂದಲೇ ಬರೆದಿರುತ್ತೀರಿ. ಮೈಕ್ ನೋಡಿಕೊಳ್ಳುತ್ತಿದ್ದವರು ಓದುವುದು ಮೊದಲರ್ಧವನ್ನು ಮಾತ್ರ. ಮನೆಗೆ ಕರೆದು ಊಟ ಹಾಕಿದ್ದರೆ, ಆ ಮನೆಯ ಆರೋಗ್ಯ, ಸಂಸಾರದ ಮಾತುಗಳು ಪತ್ರಕ್ಕೆ ಬರಬಾರದು. ಅಡುಗೆ ಮಾಡಿದವರಿಗೆ ಫೋನ್ ಮಾಡಿಯೇ ಹೇಳಿ.

ಬರೆಯುವುದು

ಅಧ್ಯಾಪಕಿಯ ಮೊದಲ ಕರಡು, ನಾವೆಲ್ಲ ಬರೆಯುವ ಹಾಗೆಯೇ ಇತ್ತು:

‘ಮಾನ್ಯರೆ, ತಮ್ಮ ಕಾಲೇಜಿನಲ್ಲಿ ನಡೆದ ಎರಡು ದಿನಗಳ ವಿಚಾರ ಸಂಕಿರಣದಲ್ಲಿ ಭಾಗವಹಿಸಲು ಅವಕಾಶ ಮಾಡಿಕೊಟ್ಟಿದ್ದಕ್ಕೆ ಧನ್ಯವಾದಗಳು. ಊಟ, ವಸತಿ, ಪ್ರಯಾಣದ ವ್ಯವಸ್ಥೆ ಅಚ್ಚುಕಟ್ಟಾಗಿತ್ತು. ಬೇಗೂರಿಗೆ ಕರೆದುಕೊಂಡು ಹೋದದ್ದು ಬಹಳ ಸಂತೋಷ ತಂದಿತು. ನಿಮ್ಮ ವಿದ್ಯಾರ್ಥಿಗಳು ಶಿಸ್ತಿನವರು. ತಮ್ಮ ಆತಿಥ್ಯ ಮರೆಯಲಾಗದ್ದು.’

ಇದರಲ್ಲಿ ತಪ್ಪು ಮಾತಿಲ್ಲ. ಆದರೆ ‘ಬೇಗೂರಿಗೆ’ ಎಂಬುದನ್ನು ತೆಗೆದರೆ ಯಾರು ಬೇಕಾದರೂ, ಯಾರಿಗೆ ಬೇಕಾದರೂ ಕಳಿಸಬಹುದು. ವಿದ್ಯಾರ್ಥಿಗಳು ಶಿಸ್ತಿನವರು ಎಂಬ ಒಂದು ಮಾತಿನೊಳಗೆ ಟಾರ್ಚ್ ತಂದ ಹುಡುಗ ಹೂತುಹೋಗಿದ್ದಾನೆ. ಇನ್ನೊಂದು ತೊಡಕು: ಒಮ್ಮೆ ‘ತಮ್ಮ’, ಒಮ್ಮೆ ‘ನಿಮ್ಮ’. ಎದುರಿಗಿದ್ದಾಗ ಹೇಗೆ ಮಾತನಾಡಿಸಿದಿರೋ ಹಾಗೆಯೇ ಬರೆಯಿರಿ, ಕೊನೆಯವರೆಗೂ ಅದನ್ನೇ ಇಟ್ಟುಕೊಳ್ಳಿ. ವಯಸ್ಸಿನಲ್ಲಿ ಹಿರಿಯರು, ಹೊಸ ಪರಿಚಯ ಎಂದಾದರೆ ‘ತಾವು’. ಎರಡು ದಿನ ಜೊತೆಗೆ ಕಾಫಿ ಕುಡಿದ ಸಹೋದ್ಯೋಗಿಗೆ ‘ನೀವು’ ಎಂದರೇ ಹಿತ.

ಕೊನೆಗೆ ಅವರು ಕಳಿಸಿದ್ದು ಇದು. ಹೆಸರುಗಳಿಗೆ ಇಲ್ಲಿ ಚುಕ್ಕಿ ಇಟ್ಟಿದ್ದೇನೆ; ನೀವು ಬರೆಯುವಾಗ ಚುಕ್ಕಿ ಇರಬಾರದು.

‘ಪ್ರಿಯ …… ಅವರಿಗೆ ನಮಸ್ಕಾರ.

ನಿನ್ನೆ ರಾತ್ರಿ ಸುಖವಾಗಿ ಧಾರವಾಡ ಸೇರಿದೆ.

ಭಾನುವಾರ ಬೇಗೂರಿನಲ್ಲಿ ಕಲ್ಲಿನ ಮುಂದೆ ನಿಂತಾಗ ನಿಮ್ಮ ವಿದ್ಯಾರ್ಥಿ …… ಅವರು ಚೀಲದಿಂದ ಟಾರ್ಚ್ ತೆಗೆದರು. ಹಿಂದಿನ ದಿನ ನಾನು ಓರೆ ಬೆಳಕಿನ ವಿಷಯ ಹೇಳಿದ್ದನ್ನು ನೆನಪಿಟ್ಟುಕೊಂಡು ಮನೆಯಿಂದ ತಂದಿದ್ದರಂತೆ. ನಾನು ಕೇಳುವ ಮೊದಲೇ ಕಲ್ಲಿನ ಎಡಕ್ಕೆ ಕುಕ್ಕರುಗಾಲಿನಲ್ಲಿ ಕೂತು, ನಾನು ಸಾಲಿನಿಂದ ಸಾಲಿಗೆ ಇಳಿದ ಹಾಗೆ ಬೆಳಕನ್ನೂ ಇಳಿಸುತ್ತ ಬಂದರು. ಎಪಿಗ್ರಾಫಿಯಾ ಕರ್ನಾಟಿಕಾದ ಪುಟದಲ್ಲಷ್ಟೇ ಓದಿದ್ದ ‘ಬೆಂಗುಳೂರ ಕಾಳಗ’ವನ್ನು ಕಲ್ಲಿನ ಮೇಲೆ ಓದಿದ್ದು ಆ ಬೆಳಕಿನಲ್ಲಿ. ಈ ವಾರ ನನ್ನ ತರಗತಿಯಲ್ಲಿ ಇದೇ ಶಾಸನದ ಪಾಠವಿದೆ. ಅಲ್ಲಿ ತೆಗೆದ ಫೋಟೋಗಳನ್ನೇ ತೋರಿಸುತ್ತೇನೆ.

ರಜೆಯ ದಿನವೂ ಬೇಗ ಎದ್ದು ಕಾರು ತಂದ ನಿಮಗೆ, ಬೆಳಕು ಹಿಡಿದ …… ಅವರಿಗೆ ನಾನು ಕೃತಜ್ಞಳು. ಗೆಸ್ಟ್ ಹೌಸಿನ …… ಅವರಿಗೂ ನನ್ನ ನಮಸ್ಕಾರ ತಿಳಿಸಿ. ಫೋಟೋಗಳನ್ನು ಶುಕ್ರವಾರದೊಳಗೆ ಕಳಿಸುತ್ತೇನೆ.

ವಿಶ್ವಾಸದಿಂದ,
……’

ಇದನ್ನು ಸ್ವಲ್ಪ ಬಿಡಿಸಿ ನೋಡೋಣ. ಊರು ಸೇರಿದ ಸುದ್ದಿ ಮೊದಲಿಗೇ ಬಂದಿದೆ, ಏಕೆಂದರೆ ಕಳಿಸಿಕೊಟ್ಟವರು ಮೊದಲು ಕಾಯುವುದು ಆ ಸುದ್ದಿಗೆ. ಅದಕ್ಕೆ ಒಂದು ಸಾಲು ಸಾಕು. ಆಮೇಲೆ ಸಂಗತಿ. ಅದರಲ್ಲಿ ಹೊಗಳಿಕೆಯ ಪದ ಒಂದೂ ಇಲ್ಲ. ನಡೆದದ್ದು ನಡೆದ ಕ್ರಮದಲ್ಲಿದೆ. ಎಡಕ್ಕೆ ಕೂತದ್ದು, ಸಾಲಿನ ಜೊತೆ ಬೆಳಕು ಇಳಿದದ್ದು: ಇವನ್ನು ಅಲ್ಲಿ ಇದ್ದು ಕಂಡವರು ಮಾತ್ರ ಬರೆಯಬಲ್ಲರು. ‘ನಿಮ್ಮ ವಿದ್ಯಾರ್ಥಿ ಎಷ್ಟು ಸೂಕ್ಷ್ಮ’ ಎಂದು ಒಂದು ವಾಕ್ಯ ಸೇರಿಸಿದ್ದರೆ ಓದುವವರು ತಾವೇ ಹೇಳಿಕೊಳ್ಳಬೇಕಾದ ಮಾತನ್ನು ಕಿತ್ತುಕೊಂಡ ಹಾಗಾಗುತ್ತಿತ್ತು. ಧನ್ಯವಾದದ ಮಾತು ಸಂಗತಿಯ ನಂತರ ಬಂದಿರುವುದರಿಂದ ಯಾವುದಕ್ಕೆ ಎಂಬುದು ಸ್ಪಷ್ಟವಾಗಿದೆ. ಫೋಟೋ ಕಳಿಸುವ ಮಾತಿಗೆ ದಿನ ಗೊತ್ತು ಮಾಡಿದ್ದಾರೆ. ದಿನ ಹೇಳಲಾಗದಿದ್ದರೆ ಆ ಮಾತೇ ಬೇಡ. ಈಡೇರದ ಭರವಸೆ ಉಳಿದೆಲ್ಲ ಸಾಲುಗಳ ತೂಕವನ್ನೂ ಕಡಿಮೆ ಮಾಡುತ್ತದೆ.

ಹುಡುಗನಿಗೆ ಬಹುವಚನ ಬಳಸಿದ್ದನ್ನೂ ಗಮನಿಸಿ. ಎದುರಿಗೆ ‘ಬಾರಪ್ಪ’ ಎಂದು ಕರೆದಿರಬಹುದು. ಆದರೆ ಪತ್ರವನ್ನು ಪ್ರಾಂಶುಪಾಲರೂ ಓದುತ್ತಾರೆ, ನಾಳೆ ಅವನೇ ಓದುತ್ತಾನೆ. ಅಲ್ಲಿ ‘ಅವರು’ ಎಂದೇ ಇರಬೇಕು. ಚಾಲಕರಿಗೆ, ಅಡುಗೆಯವರಿಗೆ, ಗೆಸ್ಟ್ ಹೌಸಿನವರಿಗೂ ಹಾಗೆಯೇ.

ಉದ್ದ ಇಷ್ಟೇ ಇರಲಿ, ಫೋನಿನ ಪರದೆಯಲ್ಲಿ ಎರಡು ಸಲ ಸರಿಸಿದರೆ ಮುಗಿಯುವಷ್ಟು. ನಿಮ್ಮ ಉಪನ್ಯಾಸ ಹೇಗಾಯಿತು, ಸಭಿಕರು ಏನೆಂದರು ಎಂಬ ವಿವರ ಬೇಡ. ಅದರಿಂದ ಮಾತು ನಿಮ್ಮ ಕಡೆಗೆ ತಿರುಗುತ್ತದೆ.

ಯಾರಿಗೆ, ಯಾವಾಗ, ಹೇಗೆ

ಪತ್ರ ಸಂಚಾಲಕರಿಗೆ, ಪ್ರತಿ ಪ್ರಾಂಶುಪಾಲರಿಗೆ. ಟಾರ್ಚ್ ತಂದ ವಿದ್ಯಾರ್ಥಿಗೆ ವಾಟ್ಸಾಪಿನಲ್ಲಿ ಬೇರೆಯಾಗಿ ಎರಡು ಸಾಲು. ಸಂಚಾಲಕರು ತೋರಿಸುತ್ತಾರೆ ಎಂದು ಸುಮ್ಮನಿರಬೇಡಿ, ಬಿಲ್ಲುಗಳ ಗಡಿಬಿಡಿಯಲ್ಲಿ ಅವರು ಮರೆಯಬಹುದು. ಸ್ವಯಂಸೇವಕರ ಗ್ರೂಪಿನಲ್ಲಿ ಎಲ್ಲರಿಗೂ ಸೇರಿಸಿ ಧನ್ಯವಾದ ಹೇಳಿದರೆ ಕೈಮುಗಿದ ಚಿಹ್ನೆಗಳ ಸಾಲು ಬಂದು ನಿಮ್ಮ ಮಾತು ಮೇಲೆ ಹೋಗಿಬಿಡುತ್ತದೆ. ಗ್ರೂಪಿಗೆ ‘ಸುಖವಾಗಿ ತಲುಪಿದೆ, ಎಲ್ಲರಿಗೂ ನಮಸ್ಕಾರ’ ಎಂದರೆ ಸಾಕು.

ತಲುಪಿದ ಸುದ್ದಿ ಅಂದೇ ರಾತ್ರಿ ಹೋಗಲಿ, ಪತ್ರ ಎರಡು ಮೂರು ದಿನದೊಳಗೆ. ವಾರ ಕಳೆದಿದ್ದರೂ ಬರೆಯಿರಿ, ತಡವಾದದ್ದಕ್ಕೆ ಒಂದು ಸಾಲಿನ ಕ್ಷಮೆ ಸಾಕು. ವಿಳಂಬದ ಕಾರಣಗಳನ್ನು ವಿವರಿಸತೊಡಗಿದರೆ ಪತ್ರ ಅದರ ಬಗ್ಗೆಯೇ ಆಗಿಬಿಡುತ್ತದೆ.

ಪ್ರಯಾಣ ಭತ್ಯೆಯ ವಿಷಯವನ್ನು ಈ ಪತ್ರಕ್ಕೆ ತರಲೇಬೇಡಿ. ಟಿಕೆಟ್ಟಿನ ಪ್ರತಿ, ಬ್ಯಾಂಕ್ ಖಾತೆಯ ವಿವರ, ಪ್ಯಾನ್ ಸಂಖ್ಯೆ ಬೇರೆ ಇಮೇಲಿನಲ್ಲಿ, ಬೇರೆ ವಿಷಯ ಸಾಲಿನೊಂದಿಗೆ ಹೋಗಲಿ. ಒಂದೇ ಇಮೇಲಿನಲ್ಲಿ ಎರಡೂ ಇದ್ದರೆ ಸಂಚಾಲಕರು ಅದನ್ನು ಹಾಗೆಯೇ ಲೆಕ್ಕಪತ್ರ ವಿಭಾಗಕ್ಕೆ ಕಳಿಸುತ್ತಾರೆ, ಟಾರ್ಚಿನ ಕಥೆ ವೋಚರಿನ ಹಿಂದೆ ಪಿನ್ ಆಗಿ ಕೂರುತ್ತದೆ. ಭತ್ಯೆ ಇನ್ನೂ ಬಂದಿಲ್ಲ ಎಂಬ ಕಾರಣಕ್ಕೆ ಪತ್ರ ತಡೆಹಿಡಿಯುವುದೂ ಬೇಡ. ಹಣ ಬಿಡುಗಡೆ ಮಾಡುವವರು ಬೇರೆ, ನಿಮ್ಮನ್ನು ನೋಡಿಕೊಂಡವರು ಬೇರೆ.

ಇಮೇಲಿನ ಒಳಗೇ ಬರೆಯಿರಿ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ, ಯೂನಿಕೋಡ್ ಅಲ್ಲದ ಬಗೆಯಲ್ಲಿ ಟೈಪ್ ಮಾಡಿ ಅಂಟಿಸಿದರೆ ಆ ಕಡೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಅನುಮಾನವಿದ್ದರೆ ಮೊದಲು ನಿಮಗೇ ಕಳಿಸಿಕೊಂಡು ಫೋನಿನಲ್ಲಿ ತೆರೆದು ನೋಡಿ. ವಿಷಯದ ಸಾಲಿನಲ್ಲಿ ‘ಧನ್ಯವಾದಗಳು’ ಎಂಬುದರ ಬದಲು ‘ಬೇಗೂರಿನ ಭಾನುವಾರ’ ಎಂದಿದ್ದರೆ, ಆರು ತಿಂಗಳ ಮೇಲೆ ಹುಡುಕಿದರೂ ಸಿಗುತ್ತದೆ.

ಹೇಳುವಂಥದ್ದು ಏನೂ ಇಲ್ಲದಿದ್ದರೆ

ಕೆಲವು ಕಡೆ ಆತಿಥ್ಯ ಸಾಧಾರಣವಾಗಿರುತ್ತದೆ. ಕಾರು ಬರುವುದಿಲ್ಲ, ಕೋಣೆ ಸಿದ್ಧವಿರುವುದಿಲ್ಲ, ನಿಮ್ಮ ನಲವತ್ತು ನಿಮಿಷ ಹದಿನೈದಕ್ಕೆ ಇಳಿದಿರುತ್ತದೆ. ಆಗ ಇಲ್ಲದ್ದನ್ನು ಕಲ್ಪಿಸಿ ಬರೆಯಬೇಡಿ. ನಡೆಸಿದವರಿಗೆ ನಿಜ ಗೊತ್ತಿರುತ್ತದೆ, ಹೊಗಳಿಕೆ ಚುಚ್ಚಿದಂತಾಗುತ್ತದೆ. ದೂರುಗಳಿದ್ದರೆ ಸಂಚಾಲಕರಿಗೆ ಫೋನಿನಲ್ಲಿ, ಮುಂದಿನ ಅತಿಥಿಗೆ ಅನುಕೂಲವಾಗುವ ಹಾಗೆ ಹೇಳಿ. ಪತ್ರಕ್ಕಾಗಿ ಮುಖ್ಯ ವೇದಿಕೆಯಿಂದ ಸ್ವಲ್ಪ ದೂರ ನೋಡಿ. ನಿಮ್ಮ ಪೆನ್‌ಡ್ರೈವ್ ತೆರೆಯದಿದ್ದಾಗ ತನ್ನ ಲ್ಯಾಪ್‌ಟಾಪ್ ತಂದುಕೊಟ್ಟ ಹುಡುಗಿ, ಊಟದ ಸರದಿಯಲ್ಲಿ ನಿಂತಿದ್ದ ನಿಮ್ಮನ್ನು ಗುರುತಿಸಿ ಕುರ್ಚಿ ಎಳೆದುಕೊಟ್ಟ ಗ್ರಂಥಪಾಲಕರು, ಮಾತು ಮುಗಿಯುವ ಹೊತ್ತಿಗೆ ಬಿಸಿನೀರು ತಂದಿಟ್ಟ ಸಿಬ್ಬಂದಿ. ಎರಡು ದಿನದಲ್ಲಿ ಅಂಥವರು ಒಬ್ಬರಾದರೂ ಇದ್ದೇ ಇರುತ್ತಾರೆ. ಹಾಗೂ ಯಾರೂ ಸಿಗದಿದ್ದರೆ, ಆಹ್ವಾನಕ್ಕೆ ಧನ್ಯವಾದ ಹೇಳಿ ಮೂರು ಸಾಲಿಗೆ ನಿಲ್ಲಿಸಿ.

ಸಮಾರೋಪದಲ್ಲಿ ‘ಅತಿಥಿಗಳ ಪರವಾಗಿ ಎರಡು ಮಾತು’ ಎಂದು ಕರೆದರೂ ಇದೇ ಕ್ರಮ ಸಲ್ಲುತ್ತದೆ: ಒಂದು ಸಂಗತಿ, ಒಂದು ಹೆಸರು, ಕೂತುಬಿಡಿ. ಎಲ್ಲರ ಹೆಸರನ್ನೂ ನೀವೇ ಓದಿಬಿಟ್ಟರೆ ನಿಮ್ಮ ನಂತರ ವಂದನಾರ್ಪಣೆಗೆ ಬರುವವರಿಗೆ ಏನೂ ಉಳಿಯುವುದಿಲ್ಲ. ಅಲ್ಲಿ ಹೇಳಿದ ಸಂಗತಿಯನ್ನೇ ಪತ್ರದಲ್ಲೂ ಬರೆಯಬಹುದು, ಸಭೆಯಲ್ಲಿ ಆಡಿದ ಮಾತು ಕಡತ ಸೇರುವುದಿಲ್ಲ.

ಸಂಚಾಲಕರಿಂದ ಉತ್ತರ ಬಂದರೆ ಅದಕ್ಕೆ ಮತ್ತೆ ಧನ್ಯವಾದ ಬರೆಯುತ್ತ ಕೂರಬೇಕಿಲ್ಲ. ಫೋಟೋ ಕಳಿಸುತ್ತೇನೆ ಎಂದಿದ್ದರೆ ಶುಕ್ರವಾರ ಫೋಟೋ ಕಳಿಸಿ.